ನಲವತ್ತು ಮೀಟರಿನ ಗೆರೆ

ಬೆಟ್ಟ ಹತ್ತುವವರಿಗೆ ದಾರಿ ತೋರಿಸುವ ಆ ಪುಟ್ಟ ಆಫೀಸಿನಲ್ಲಿ ಅವನನ್ನು ಎಲ್ಲರೂ ಗೆರೆಯಣ್ಣ ಅನ್ನುತ್ತಿದ್ದರು. ನಡೆದವರು ಬಿಂದುಗಳ ಸಾಲಾಗಿ ದಾಖಲಿಸಿ ತಂದ ದಾರಿಯಲ್ಲಿ ಬಿಂದು ಕಡಿಮೆ ಮಾಡಿ, ಬಾಡಿಗೆಗೆ ಕೊಡುವ ಹಳೆಯ ಜಿಪಿಎಸ್‌ಗಳಿಗೆ ತುಂಬುವುದು ಅವನ ಕೆಲಸ. ಇಪ್ಪತ್ತು ವರ್ಷದಲ್ಲಿ ಅವನು ಕಿತ್ತೆಸೆದ ಬಿಂದುಗಳನ್ನು ಪೇರಿಸಿದ್ದರೆ ಚಂದ್ರನಿಗೆ ಏಣಿಯಾಗಿ, ಮಿಕ್ಕಿದ್ದರಲ್ಲಿ ಮನೆಯ ಅಟ್ಟಕ್ಕೂ ಒಂದು ಆಗುತ್ತಿತ್ತು. ಅವನ ಸ್ವಂತ ಮೊಣಕಾಲು ಮಾತ್ರ ಆಫೀಸಿನ ಮೂರು ಮೆಟ್ಟಿಲಿಗೇ ಅಯ್ಯೋ ಅಮ್ಮಾ ಅನ್ನುತ್ತಿತ್ತು.

ಆ ವಾರ ಹೊಸ ದಾರಿಯೊಂದು ಬಂತು. ಮಣ್ಣು ಕುಸಿದು ಹಳೆಯ ದಾರಿ ಮುಚ್ಚಿದ್ದರಿಂದ, ಅಳತೆಯವನು ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಐದು ಗಂಟೆ ನಡೆದು, ಸೆಕೆಂಡಿಗೊಂದರಂತೆ ಹದಿನೆಂಟು ಸಾವಿರ ಬಿಂದು ಹೊತ್ತು ತಂದಿದ್ದ. ಜಿಪಿಎಸ್‌ನ ಹೊಟ್ಟೆಗೆ ಹಿಡಿಸುವುದು ಒಂದು ಗೆರೆಗೆ ಐನೂರೇ.

ಕಂಪ್ಯೂಟರಿನಲ್ಲಿ ಟಾಲರೆನ್ಸ್ ಅಂತ ಒಂದು ಪುಟ್ಟ ಚೌಕವಿತ್ತು. ಅದರಲ್ಲಿ ಐದು ಅಂತ ಬರೆದರೆ, ಉಳಿದ ಬಿಂದುಗಳ ನಡುವೆ ಎಳೆದ ನೇರ ಗೆರೆಯಿಂದ ಐದು ಮೀಟರಿನೊಳಗೆ ಇರುವ ಬಿಂದುಗಳನ್ನೆಲ್ಲ ಅದು ಕಿತ್ತುಹಾಕುತ್ತದೆ. ಅದಕ್ಕಿಂತ ಆಚೆ ಹೊರಳಿದ ತಿರುವನ್ನು ಮಾತ್ರ ಉಳಿಸುತ್ತದೆ. ಐದು ಕೊಟ್ಟ: ಸಾವಿರದ ಒಂಬೈನೂರು ಉಳಿದವು. ಇಪ್ಪತ್ತು ಕೊಟ್ಟ: ಎಂಟುನೂರು, ಇನ್ನೂ ಹೆಚ್ಚೇ. ನಲವತ್ತು ಕೊಟ್ಟ: ನಾನೂರ ಅರವತ್ತು.

ಅಳತೆಯವನು ತಂದ ಮೊದಲ ಗೆರೆ, ಬಿಂದು ಕಿತ್ತ ಹೊಸ ಗೆರೆ ಎರಡನ್ನೂ ಇಡೀ ಬೆಟ್ಟ ಕಾಣುವಂತೆ ಒಂದರ ಮೇಲೊಂದು ಇಟ್ಟು ನೋಡಿದ. ಅವನ ಪರೀಕ್ಷೆ ಯಾವತ್ತೂ ಅಷ್ಟೇ. ಅವಳಿ ಮಕ್ಕಳಂತೆ ಒಂದೇ ಥರ ಕಂಡವು. ಗೋಡೆಯ ಆರು ಮೊಳೆಗಳಿಗೆ ನೇತುಹಾಕಿದ್ದ ಆರೂ ಜಿಪಿಎಸ್‌ಗಳಿಗೆ ಅದನ್ನೇ ತುಂಬಿದ.

ಮರುದಿನ ಬೆಳಿಗ್ಗೆ ಅವನ ಮಗಳು ಐದನ್ನು ಇಳಿಸಿಕೊಂಡಳು. ಅವಳು ಆಫೀಸಿನ ಗೈಡು. ಎಂಟು ಜನರ ತಂಡ ಹೊರಗೆ ಬೂಟಿನ ದಾರ ಬಿಗಿಯುತ್ತಿತ್ತು. ಆರನೆಯ ಮೊಳೆ ಆಗಲೇ ಖಾಲಿ. ಬೆಳಕು ಹರಿಯುವ ಮುಂಚೆಯೇ ಒಬ್ಬಂಟಿ ಮೇಷ್ಟ್ರೊಬ್ಬರು ಅದನ್ನು ಬಾಡಿಗೆಗೆ ಒಯ್ದಿದ್ದರು.

"ಮಂಜು ಜೋರಾಗಿದೆ ಕಣಮ್ಮಾ."

"ನಿಮ್ಮ ಗೆರೆ ಇದೆಯಲ್ಲಪ್ಪ. ಕಣ್ಣು ಮುಚ್ಕೊಂಡು ಹೋಗ್ತೀನಿ."

"ಕಣ್ಣು ಬಿಟ್ಕೊಂಡೇ ಹೋಗು. ನಿಮ್ಮಮ್ಮನಿಗೆ ಉತ್ತರ ಕೊಡೋನು ನಾನು."

ಹೊರಗಿನ ಮಂಜು ಎಂಥದ್ದೆಂದರೆ, ಕೈಚಾಚಿದವನಿಗೆ ತನ್ನ ಬೆರಳು ವಾಪಸ್ ಬರುತ್ತದೋ ಇಲ್ಲವೋ ಎಂಬ ಅನುಮಾನ.

ಹತ್ತು ಗಂಟೆಗೆ ಅಳತೆಯವನು ಕಾಫಿಗೆ ಬಂದ. "ಅಣ್ಣಾ, ಕಲ್ಲುಗುಂಡಿ ಸುತ್ತಿಸಿದ್ದು ಸರಿಯಾಗಿ ಬಂತಾ? ಅದರ ಅಂಚು ಹಿಡಿದು ಬಿಲ್ಲಿನ ಹಾಗೆ ಬಂದಿದ್ದೀನಿ."

"ಯಾವ ಕಲ್ಲುಗುಂಡಿ?"

"ಹಳೇ ಕಲ್ಲುಗಣಿ. ಕೆಳಗೆ ನೋಡಿದ್ರೆ ಪಾತಾಳದವರು ಊಟ ಮಾಡ್ತಿರೋದು ಕಾಣುತ್ತೆ."

ಗೆರೆಯಣ್ಣ ನಗಲಿಲ್ಲ. ನಕ್ಷೆಯನ್ನು ಆ ಜಾಗಕ್ಕೆ ಹಿಗ್ಗಿಸಿದ. ಅವಳಿಗಳು ಅಲ್ಲಿ ಬೇರೆಯಾಗಿದ್ದವು. ಮೊದಲ ಗೆರೆ ಗುಂಡಿಯನ್ನು ಬಳಸಿ ಹೋಗಿತ್ತು. ಬಿಲ್ಲಿನ ಉಬ್ಬು ಮೂವತ್ತೆರಡು ಮೀಟರು. ನಲವತ್ತಕ್ಕೆ ಅದು ಲೆಕ್ಕವೇ ಅಲ್ಲ. ಹೊಸ ಗೆರೆ ಗುಂಡಿಯ ನಡುವೆ ಗಾಳಿಯಲ್ಲಿ ಸೀದಾ ದಾಟಿತ್ತು.

ವಾಕಿಟಾಕಿ ಎತ್ತಿದ. ಬರೀ ಗೊರಗೊರ. ಮೂರನೇ ಸಲಕ್ಕೆ ಮಗಳ ದನಿ ಬಂತು.

"ನಿಂತುಕೋ! ಒಂದು ಹೆಜ್ಜೆ ಇಡಬೇಡ."

"ನಿಂತೇ ಇದ್ದೀವಪ್ಪ." ದನಿ ಬಹಳ ಸಣ್ಣದಾಗಿತ್ತು. "ಜಿಪಿಎಸ್ ಸೀದಾ ಹೋಗು ಅಂತಿದೆ. ಮುಂದೆ ಗಾಳಿ ಕೆಳಗಿಂದ ಮೇಲಕ್ಕೆ ಬರ್ತಿದೆ. ಒಂದು ಕಲ್ಲು ಎಸೆದೆ. ಬಿದ್ದ ಸದ್ದು ತಡವಾಗಿ ಬಂತು."

"ಹಿಂದಕ್ಕೆ ಬಾ. ಬಂದ ಹೆಜ್ಜೆಯಲ್ಲೇ ಬಾ. ಗೆರೆ ಸುಳ್ಳು, ನನ್ನ ತಪ್ಪು."

ಅವರು ಮಧ್ಯಾಹ್ನಕ್ಕೆ ಬಂದರು. ಅಷ್ಟರಲ್ಲಿ ಗೆರೆಯಣ್ಣ ಟಾಲರೆನ್ಸನ್ನು ಐದಕ್ಕೆ ಇಳಿಸಿ, ಉಳಿದ ಬಿಂದುಗಳನ್ನು ಐನೂರು ಮೀರದ ನಾಲ್ಕು ತುಂಡು ಗೆರೆಗಳಾಗಿ ಕತ್ತರಿಸಿಟ್ಟಿದ್ದ. ನಿನ್ನೆಯೇ ಮಾಡಿದ್ದರೆ ಕಾಲು ಗಂಟೆಯ ಕೆಲಸ. ಮಗಳು ಜಿಪಿಎಸ್‌ಗಳನ್ನು ಒಂದೊಂದಾಗಿ ಮೊಳೆಗೆ ಹಾಕಿದಳು. ಐದು. ಆಮೇಲೆ ಆರನೆಯ ಮೊಳೆಯನ್ನು ನೋಡಿದಳು.

"ಮೇಷ್ಟ್ರು ದಾರೀಲಿ ಸಿಗಲಿಲ್ವಾ?" ಎಂದು ಕೇಳಿದ.

"ಅವರು ನಮಗಿಂತ ಮುಂದಿದ್ರಲ್ಲಪ್ಪ."

ಹುಡುಕುವ ತಂಡ ಆಗಲೇ ಹೊರಟಿತ್ತು. ಬಾಡಿಗೆ ಚೀಟಿಯಲ್ಲಿದ್ದ ಮೊಬೈಲ್ ನಂಬರಿಗೆ ಗೆರೆಯಣ್ಣ ಹನ್ನೊಂದನೇ ಸಲ ಫೋನ್ ಮಾಡಿದ. ಅದು ರಿಂಗಾಗುತ್ತಿತ್ತು. ಎಲ್ಲೋ, ಯಾವುದೋ ಆಳದಲ್ಲಿ, ಬಹಳ ತಾಳ್ಮೆಯಿಂದ ರಿಂಗಾಗುತ್ತಲೇ ಇತ್ತು.