ಮೂರು ವಾರ ಕಾಯೋಕಾಗಲ್ಲ

ಮೇಡಂಗೆ ಸಿಟ್ಟು ಬಂದರೆ ಜರ್ಮನ್ ಬರುತ್ತಿತ್ತು, ಜರ್ಮನ್ ತಪ್ಪಾದರೆ ಸಿಟ್ಟು ಬರುತ್ತಿತ್ತು. ಹೀಗಾಗಿ ತರಗತಿಯಲ್ಲಿ ಎರಡಕ್ಕೂ ಬಿಡುವಿರಲಿಲ್ಲ. ಹಿಂದಿನಿಂದ ಎಲ್ಲರೂ ಅವರನ್ನು ಮೊಂಡು ಮೇಡಂ ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. "ಮೊಂಡು ಚಾಕುಗೆ ಅಂತಾರೆ, ನಂಗೆ ಹಟಮಾರಿ ಅನ್ನಿ, ಒಪ್ಪುತ್ತೆ" ಎಂದು ತಾವೇ ತಿದ್ದಿದ್ದರು.

ಕಾಲೇಜಿಗೆ ಸೇರಿದ ವರ್ಷ ಬೇರೆ ಯಾವ ವಿಷಯಕ್ಕೂ ಜಾಗ ಸಿಗದೆ ಜರ್ಮನ್ ಓದಿದವರು ಅವರು. ಮನೆಯವರು "ಇದನ್ನು ಇಟ್ಕೊಂಡು ಯಾರ ಹತ್ತಿರ ಮಾತಾಡ್ತೀಯೇ?" ಎಂದು ನಕ್ಕರು. ಆ ನಗುವೇ ಸಾಕಾಯಿತು, ಎಂ.ಎ. ಮಾಡಿಯೇ ಬಿಟ್ಟರು. ಆಮೇಲೆ ಎರಡು ಸಂಸ್ಥೆಗಳಲ್ಲಿ ಪಾಠ ಮಾಡಿ, ಎರಡೂ ಕಡೆ ಜಗಳವಾಡಿ, ಈ ಮೂರನೆಯದಕ್ಕೆ ಬಂದಿದ್ದರು. ಗಂಡ ನಿವೃತ್ತ ಬಸ್ ಡ್ರೈವರ್. "ನಾನು ಇಷ್ಟು ವರ್ಷ ಬಸ್ ಓಡಿಸಿದ್ರೂ ನಿನ್ನಷ್ಟು ಹಾರ್ನ್ ಹೊಡೆದಿಲ್ಲ ಕಣೇ" ಎನ್ನುತ್ತಿದ್ದ ಅವನ ಮುಂದೆ ಮಾತ್ರ ಅವರು ಸೋತು ನಗುತ್ತಿದ್ದರು.

ಸಂಸ್ಥೆ ಇದ್ದದ್ದು ಒಂದು ಕನ್ನಡಕದ ಅಂಗಡಿಯ ಮೇಲೆ. ಗಂಡ ಜರ್ಮನಿಯಲ್ಲಿ ಕೆಲಸಕ್ಕಿದ್ದು ಹೆಂಡತಿ ಹೋಗಿ ಸೇರಬೇಕೆಂದರೆ ಮೊದಲ ಹಂತದ ಭಾಷಾ ಪರೀಕ್ಷೆ ಪಾಸಾಗಬೇಕು. ಅಂಥ ಹೆಂಗಸರೇ ತರಗತಿಯಲ್ಲಿ ಹೆಚ್ಚು. ಸಂಸ್ಥೆಯ ಯಜಮಾನ ಕೆಟ್ಟವನೇನಲ್ಲ. ಆದರೆ ಪಾಸಾದವರ ಫೋಟೋಗಳನ್ನು ಮೆಟ್ಟಿಲುದ್ದಕ್ಕೂ ಅಂಟಿಸಿಕೊಂಡು ಅದನ್ನೇ ಸ್ವರ್ಗದ ಏಣಿ ಅಂದುಕೊಂಡಿದ್ದ. ಅಷ್ಟು ಜನರನ್ನು ದಾಟಿಸಿದ್ದು ಅವನೇ ಬರೆದ ಮೌಖಿಕ ಅಭ್ಯಾಸದ ಹಾಳೆಗಳು. ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದ.

ಆ ಹಾಳೆಗಳಲ್ಲೊಂದು, ಡಾಕ್ಟರ ಬಳಿ ಫೋನಿನಲ್ಲಿ ಟೆರ್ಮೀನ್ ತೆಗೆದುಕೊಳ್ಳುವುದು. ಟೆರ್ಮೀನ್ ಎಂದರೆ ಭೇಟಿಗೆ ಗೊತ್ತುಮಾಡಿದ ಸಮಯ. ಅದಿಲ್ಲದೆ ಆ ದೇಶದಲ್ಲಿ ಕ್ಷೌರದವನೂ ಕತ್ತರಿ ಎತ್ತುವುದಿಲ್ಲ ಎಂದು ಮೇಡಂ ತಮಾಷೆ ಮಾಡುತ್ತಿದ್ದರು. ಹಾಳೆಯ ಎಡಕ್ಕೆ ಕ್ಲಿನಿಕ್ಕಿನ ಹುಡುಗಿಯ ಪ್ರಶ್ನೆ, ಬಲಕ್ಕೆ ರೋಗಿಯ ಉತ್ತರ. ಹೆಸರೇನು, ಅಕ್ಷರ ಬಿಡಿಸಿ ಹೇಳಿ, ಹುಟ್ಟಿದ ತಾರೀಖು, ವಿಮೆ ಸರ್ಕಾರಿ ಬಗೆಯದೋ ಖಾಸಗಿಯೋ, ಮೊದಲು ನಮ್ಮಲ್ಲಿಗೆ ಬಂದಿದ್ದೀರಾ, ತೊಂದರೆ ಏನು, ಜ್ವರ ಇದೆಯೇ. ರೋಗಿಗೆ ಹಳೆಯ ಕೆಮ್ಮು, ಜ್ವರ ಇಲ್ಲ. ಕೊನೆಗೆ ಹುಡುಗಿ ಹೇಳಿದ ದಿನಕ್ಕೆ ರೋಗಿ "ಯಾ, ದಾಸ್ ಪಾಸ್ಟ್ ಗೂಟ್, ಫೀಲನ್ ಡಾಂಕ್", ಅಂದರೆ ಹೌದು, ಸರಿಹೋಗುತ್ತದೆ, ತುಂಬಾ ಥ್ಯಾಂಕ್ಸ್, ಎಂದು ಫೋನ್ ಇಡುತ್ತಾಳೆ. ತರಗತಿಯಲ್ಲಿ ಆ ರೋಗಿಗೆ ಕೆಮ್ಮಿನಮ್ಮ ಎಂದು ಹೆಸರು ಬಿದ್ದಿತ್ತು.

"ಈ ಕೆಮ್ಮಿನಮ್ಮ ಏನು ಹೇಳಿದ್ರೂ ಹೂಂ ಅಂತಾಳೆ. ಇವಳಿಗೊಂದು ಇಲ್ಲ ಅನ್ನೋದು ಕಲಿಸೋಣ" ಎಂದು ಮೇಡಂ ಯಜಮಾನನ ಜೊತೆ ಎಷ್ಟೋ ಸಲ ಜಗಳ ಕಾದಿದ್ದರು.

"ಪರೀಕ್ಷೆಗೆ ಬರಲ್ಲ ಮೇಡಂ. ಬಾಯಿಪಾಠ ಆದ್ರೆ ಪಾಸು. ಹಾಳೆ ಬಿಟ್ಟು ಒಂದು ಮಾತೂ ಬೇಡ" ಎನ್ನುತ್ತಿದ್ದ ಅವನು.

ಮೇಡಂ ಹಾಳೆ ಬಿಡಲಿಲ್ಲ, ಆದರೆ ತಮ್ಮದೊಂದು ಪದ್ಧತಿ ಹಾಕಿದ್ದರು. ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂರಿಸುವುದು. ಫೋನಿನಲ್ಲಿ ಮುಖ ಕಾಣದು, ತುಟಿ ನೋಡಿ ಅರ್ಥಮಾಡಿಕೊಳ್ಳುವ ಹಾಗಿಲ್ಲ. ಹಾಗೆ ಕೂತವರಲ್ಲಿ ಒಬ್ಬಳು ಟೈಲರಕ್ಕ. ಗಟ್ಟಿಯಾಗಿ ಉಸಿರಾಡಿದರೆ ಯಾರಿಗೆ ತೊಂದರೆಯೋ ಎನ್ನುವಷ್ಟು ಮೆತ್ತಗಿನ ಹೆಂಗಸು. ಗಿರಾಕಿಗಳು ಹೊಲಿದದ್ದನ್ನು ಮೂರು ಸಲ ಬಿಚ್ಚಿಸಿದರೂ "ಆಯ್ತಮ್ಮ" ಎನ್ನುವವಳು. ಅವಳ ಗಂಡ ಇದೇ ಸಂಸ್ಥೆಯಲ್ಲಿ, ಇದೇ ಹಾಳೆ ಉರುಹೊಡೆದು, ಪಾಸಾಗಿ, ಅಲ್ಲಿ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ಅವನ ಫೋಟೋ ಮೆಟ್ಟಿಲಿನಲ್ಲಿ ಐದನೆಯದು.

ಪರೀಕ್ಷೆಗೆ ವಾರ ಇರುವಾಗ ಒಂದು ಮಧ್ಯಾಹ್ನ ಟೈಲರಕ್ಕ ತರಗತಿಗೆ ಬಂದಳು, ಕುರ್ಚಿಯಲ್ಲಿ ಕೂತಳು, ಒಂದು ಮಾತೂ ಹೊರಡಲಿಲ್ಲ.

"ಏನಮ್ಮ, ನಾಲಿಗೇನ ಮಿಷಿನ್‌ಗೆ ಹಾಕಿ ಹೊಲಿದ್ಬಿಟ್ಯಾ?" ಎಂದರು ಮೇಡಂ.

ಅವಳು ಅತ್ತೇಬಿಟ್ಟಳು. ಗಂಡನಿಗೆ ನಾಲ್ಕು ದಿನದಿಂದ ಕಿವಿನೋವು. ಈಗ ಕಿವಿಯ ಹಿಂದೆ ಊದಿಕೊಂಡಿದೆ, ಮೈ ಕೆಂಡವಾಗಿದೆ, ರೂಮಿನಲ್ಲಿ ಒಬ್ಬನೇ ಬಿದ್ದಿದ್ದಾನೆ. ನಿನ್ನೆ ಡಾಕ್ಟರಿಗೆ ಫೋನ್ ಮಾಡಿದನಂತೆ. ಮೂರು ವಾರದ ಆಚೆಗಿನ ಗುರುವಾರ ಬಾ ಎಂದರಂತೆ.

"ಮೂರು ವಾರ? ಕಿವಿ ಊದಿದೆ, ಜ್ವರ ಇದೆ ಅಂದಮೇಲೂನಾ? ಸಾಧ್ಯಾನೇ ಇಲ್ಲ. ಏನಂದ್ನಂತೆ ನಿನ್ನ ಗಂಡ?"

ಟೈಲರಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವರು ಕೇಳಿದ್ದೆಲ್ಲ ಹಾಳೆಯಲ್ಲಿದ್ದ ಹಾಗೇ ವರಸೇಲಿ ಬಂತಂತೆ ಮೇಡಂ. ಇವ್ರಿಗೆ ಗಾಬರಿ. ಬಾಯಿಗೆ ಬಂದಿದ್ದು ಹಾಳೆಯ ಉತ್ತರಾನೇ. ಹಳೆ ಕೆಮ್ಮು ಅಂದ್ರಂತೆ. ಜ್ವರ ಇಲ್ಲ ಅಂದ್ರಂತೆ. ಮೂರು ವಾರ ಅಂದಿದ್ದಕ್ಕೆ ಸರಿಹೋಗುತ್ತೆ, ಥ್ಯಾಂಕ್ಸ್ ಅಂದು ಇಟ್ಬಿಟ್ರಂತೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ನೋಡಿದ ನೋಟಕ್ಕೆ ಆ ನಗು ಅಲ್ಲೇ ಸತ್ತಿತು. ಅವರಿಗೆ ನಖಶಿಖಾಂತ ಉರಿಯಿತು. ಕೆಮ್ಮೇ ಇಲ್ಲದ ಮನುಷ್ಯ ಕೆಮ್ಮಿನಮ್ಮನ ರೋಗ ಹೇಳಿ ತನ್ನ ರೋಗ ಹಾಸಿಗೆಯಲ್ಲಿ ಹೊತ್ತು ಮಲಗಿದ್ದಾನೆ. ನಾವು ಅವನಿಗೆ ಕಲಿಸಿದ್ದಾದರೂ ಏನು, ಮಾತೋ ಮಂತ್ರವೋ?

"ಇನ್ನೊಂದು ಸಲ ಮಾಡೋಕೆ ಹೇಳು."

"ಮಾಡಲ್ಲ ಅಂತಾರೆ. ಒಪ್ಪಿಕೊಂಡಾಗಿದೆ, ಮತ್ತೆ ಕೇಳಿದ್ರೆ ಏನಂದ್ಕೋತಾರೋ ಅಂತ. ಮಾತಾಡೋಕೂ ಆಗ್ತಿಲ್ಲ ಮೇಡಂ ಅವ್ರಿಗೆ."

"ಹಾಗಾದ್ರೆ ನೀನು ಮಾಡು. ನಂಬರ್ ಇದೆಯಾ? ಅಲ್ಲಿ ಈಗಷ್ಟೇ ಬೆಳಗಾಗಿ ಕ್ಲಿನಿಕ್ ತೆಗೆದಿರ್ತಾರೆ."

ತಾವೇ ಮಾತಾಡಬಹುದಿತ್ತು, ಎರಡು ನಿಮಿಷದ ಕೆಲಸ. ಆ ಯೋಚನೆ ಬರದೇ ಇರಲಿಲ್ಲ. ಆದರೆ ಇನ್ನು ಕೆಲವು ತಿಂಗಳಿಗೆ ಈ ಹೆಂಗಸು ಅದೇ ಊರಿನಲ್ಲಿರುತ್ತಾಳೆ, ಆಗ ಮೇಡಂ ಎಲ್ಲಿ? ಅವರು ಕುರ್ಚಿ ಎಳೆದು ಅವಳ ಪಕ್ಕ ಕೂತರು. "ಕೈಮೀರಿದ್ರೆ ನಾನಿದೀನಿ. ಹಾಳೆ ತಿರುಗಿಸಿ ಹಾಕು. ನಿನ್ನ ಗಂಡನ ಹೆಸರು, ನಿನ್ನ ಗಂಡನ ತಾರೀಖು, ನಿನ್ನ ಗಂಡನ ಕಿವಿ."

ಫೋನಿನ ಸ್ಪೀಕರ್ ಹಾಕಿದರು. ಆ ಕಡೆಯ ಹುಡುಗಿ ಕ್ಲಿನಿಕ್ಕಿನ ಹೆಸರನ್ನೂ ತನ್ನ ಹೆಸರನ್ನೂ ಒಂದೇ ಉಸಿರಿಗೆ ಹೇಳಿದಳು. ಟೈಲರಕ್ಕ "ಬಿಟ್ಟೆ, ಲಾಂಗ್‌ಜಾಮರ್", ದಯವಿಟ್ಟು ನಿಧಾನವಾಗಿ, ಎಂದಳು. ಗಂಡನಿಗಾಗಿ ಮಾಡುತ್ತಿದ್ದೇನೆ ಎಂದಳು. ಹೆಸರನ್ನು ಅಕ್ಷರ ಅಕ್ಷರ ಬಿಡಿಸಿದಳು, ತಾರೀಖು ಹೇಳಿದಳು. ಆ ಕಡೆ ಕಂಪ್ಯೂಟರಿನ ಕೀಲಿಗಳು ಕಟಕಟ ಅಂದವು.

ಹುಡುಗಿ ಹೇಳಿದಳು: ಅವರಿಗೆ ಆಗಲೇ ಟೆರ್ಮೀನ್ ಇದೆ, ಮೂರು ವಾರ ಬಿಟ್ಟು ಗುರುವಾರ, ಹತ್ತು ಗಂಟೆಗೆ.

ಟೈಲರಕ್ಕನ ತುಟಿ ತಾನಾಗಿ "ಯಾ" ಎನ್ನುವ ಆಕಾರಕ್ಕೆ ಬಂತು. ಮೇಡಂ ಅವಳ ತೋಳು ಹಿಡಿದರು.

"ನೈನ್" ಎಂದಳು ಟೈಲರಕ್ಕ. ಇಲ್ಲ. ಆಮೇಲೆ ಒಂದೊಂದೇ ಮಾತು, ಕತ್ತರಿ ಹಾಕಿದ ಹಾಗೆ: "ದಾಸ್ ಇಸ್ಟ್ ತ್ಸು ಷ್ಪೇಟ್." ಅದು ತುಂಬಾ ತಡ. ಕೆಮ್ಮಲ್ಲ, ಕಿವಿ. ಕಿವಿಯ ಹಿಂದೆ ದಪ್ಪಗಾಗಿದೆ. ಜ್ವರ ಮೂವತ್ತೊಂಬತ್ತು, ಅಂದರೆ ನಮ್ಮ ಲೆಕ್ಕದಲ್ಲಿ ನೂರೆರಡು. ತುಂಬಾ ನೋವು. "ಕಾನ್ ಎರ್ ಹೊಯ್ಟೆ ಕೊಮನ್?" ಇವತ್ತು ಬರಬಹುದೇ?

ಒಂದು ಕ್ಷಣ ಇರಿ ಎಂದು ಹುಡುಗಿ ಕಾಯಲು ಹಾಕಿದಳು. ಫೋನಿನಲ್ಲಿ ಪಿಯಾನೋ ಶುರುವಾಯಿತು. ಸರಿಯಾಗಿ ಆಗಲೇ ಬಾಗಿಲು ತೆರೆದು ಯಜಮಾನ ಬಂದ.

"ಏನ್ರೀ ಇದು? ಪರೀಕ್ಷೆಗೆ ಇನ್ನೊಂದೇ ವಾರ, ಕ್ಲಾಸಲ್ಲಿ ಫೋನು, ಸಂಗೀತ! ಇಡಿ ಅದನ್ನ."

ಮೇಡಂ ಎದ್ದು ಹೋಗಿ ಅವನಿಗೂ ಫೋನಿಗೂ ನಡುವೆ ನಿಂತರು. "ಇಡಲ್ಲ."

"ಮೇಡಂ, ಇದು ನನ್ನ ಸಂಸ್ಥೆ."

"ಸಂಸ್ಥೆ ನಿಮ್ದು, ಕಿವಿ ಇವಳ ಗಂಡಂದು. ಬೇಕಾದ್ರೆ ಸಂಜೆ ನನ್ನ ಕೆಲಸದಿಂದ ತೆಗೀರಿ, ನಂಗೇನೂ ಹೊಸದಲ್ಲ. ಈಗ ಮಾತ್ರ ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ."

ಯಜಮಾನ ಬಾಯಿ ತೆರೆಯುವಷ್ಟರಲ್ಲಿ ಪಿಯಾನೋ ನಿಂತಿತು. ಈಗಲೇ ಬರಲಿ, ಹನ್ನೊಂದರ ಒಳಗೆ, ವಿಮೆಯ ಕಾರ್ಡ್ ತರಲಿ, ಟೆರ್ಮೀನ್ ಇಲ್ಲದ್ದರಿಂದ ಕಾಯಬೇಕಾಗುತ್ತದೆ ಎಂದಳು ಹುಡುಗಿ. ಟೈಲರಕ್ಕ ಎಲ್ಲವನ್ನೂ ತಿರುಗಿ ಹೇಳಿ ಖಾತ್ರಿ ಮಾಡಿಕೊಂಡಳು, "ಔಫ್ ವೀಡರ್‌ಹೋರನ್" ಎಂದು ಇಟ್ಟಳು. ಮತ್ತೆ ಕಾಣೋಣ ಅಲ್ಲ, ಮತ್ತೆ ಕೇಳೋಣ. ಫೋನಿನಲ್ಲಿ ಹಾಗೇ ಹೇಳಬೇಕು. ಆ ಗಾಬರಿಯಲ್ಲೂ ಅವಳಿಗೆ ಅದು ತಪ್ಪಲಿಲ್ಲ.

ಕೂಡಲೇ ಗಂಡನಿಗೆ ಫೋನ್ ಹಚ್ಚಿದಳು. ಅವನ ಧ್ವನಿ ಬಾವಿಯೊಳಗಿಂದ ಬಂದಂತಿತ್ತು. "ಗುರುವಾರಕ್ಕೆ ಒಪ್ಪಿಕೊಂಡಿದ್ದೀನಲ್ಲೇ..."

"ಒಪ್ಪಿದ್ದು ನೀವಲ್ಲ, ಆ ಕೆಮ್ಮಿನಮ್ಮ. ಎದ್ದೇಳ್ರೀ! ಕಾರ್ಡ್ ತಗೊಳ್ಳಿ, ಸ್ವೆಟರ್ ಹಾಕ್ಕೊಳ್ಳಿ. ನೀವು ಆ ಬಾಗಿಲು ದಾಟೋವರೆಗೂ ನಾನು ಫೋನ್ ಇಡಲ್ಲ." ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಬಹುಶಃ ಗಂಡನೂ ಕೇಳಿರಲಿಲ್ಲ, ಎದ್ದು ಹೊರಟ.

ಡಾಕ್ಟರು ಕಿವಿ ನೋಡಿದವರೇ ಚೀಟಿ ಬರೆದು ನೇರ ಆಸ್ಪತ್ರೆಗೆ ಕಳಿಸಿದರು. ಕಿವಿಯ ಹಿಂದಿನ ಎಲುಬಿಗೆ ಕೀವು ಇಳಿದಿತ್ತು. ಅದೇ ದಿನ ಸೇರಿಸಿಕೊಂಡು ರಕ್ತನಾಳಕ್ಕೆ ಔಷಧಿ ಶುರುಮಾಡಿದರು. ಇನ್ನೂ ಬಿಟ್ಟಿದ್ದರೆ ಮಿದುಳಿಗೆ ಹೋಗಬಹುದಿತ್ತು ಎಂದರಂತೆ.

ಆ ಸಂಜೆ ಯಜಮಾನ ಮೇಡಂ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಮಾತೂ ಆಡಿಸಲಿಲ್ಲ. ಮನೆಯಲ್ಲಿ ಗಂಡ ವಿಷಯ ಕೇಳಿ "ಮೂರನೇ ಸ್ಟಾಪೂ ಬಂತು ಅನ್ನು, ಇಳಿಯೋಕೆ ರೆಡಿಯಾಗು" ಎಂದ. ಮೇಡಂ "ನಾನು ಇಳಿಯಲ್ಲ, ಅವನೇ ಬೇಕಾದ್ರೆ ಬಸ್ ನಿಲ್ಲಿಸ್ಲಿ" ಎಂದು, ಊಟ ಬಿಟ್ಟು ಬರೆಯಲು ಕೂತರು.

ಮರುದಿನ ಅವರು ತರಗತಿಗೆ ಹೊಸ ಸಂಭಾಷಣೆ ತಂದರು. ಹೆಸರು, ತಾರೀಖು, ರೋಗದ ಜಾಗವೆಲ್ಲ ಖಾಲಿ, ಅವರವರದು ಅವರೇ ತುಂಬಬೇಕು. ಕ್ಲಿನಿಕ್ಕಿನ ಹುಡುಗಿ ಮೂರು ವಾರ ಎನ್ನುತ್ತಾಳೆ. ರೋಗಿ ಅಲ್ಲಿ ನೈನ್ ಎಂದೇ ಶುರುಮಾಡಬೇಕು. ಬೆನ್ನಿಗೆ ಬೆನ್ನು ಕುರ್ಚಿಗಳು ಸಜ್ಜಾದವು. ಯಜಮಾನ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಹಳೆಯ ಹಾಳೆ.

"ಎಷ್ಟು ಸಲ ಹೇಳ್ಬೇಕು ಮೇಡಂ? ಇದು ಪರೀಕ್ಷೆಗೆ ಬರಲ್ಲ!"

ಮೇಡಂ ಸೊಂಟಕ್ಕೆ ಕೈಕೊಟ್ಟು ಉತ್ತರ ಜೋಡಿಸುತ್ತಿದ್ದರು. ಅದು ಹೊರಡುವ ಮೊದಲೇ ಟೈಲರಕ್ಕ ಕುರ್ಚಿಯಿಂದ ಎದ್ದಳು.

"ನಮ್ಮನೆಗೆ ಬಂತಲ್ಲ ಸಾರ್."

ಅವಳು ಕೂರಲೂ ಇಲ್ಲ, ತಲೆ ತಗ್ಗಿಸಲೂ ಇಲ್ಲ. ಯಜಮಾನನನ್ನೇ ನೋಡುತ್ತ ನಿಂತಿದ್ದಳು, ಅವನು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಹೋಗುವವರೆಗೂ.