ಉಳಿಸಿದ ನಿಮಿಷಗಳು

ಯಶವಂತಪುರಕ್ಕೆ ಮೆಟ್ರೊ ಬಂದ ಹೊಸತರಲ್ಲಿ ನಮ್ಮ ಮನೆಯ ಚಿಂತೆಯೆಲ್ಲ ಒಂದು ಅರ್ಧ ಗಂಟೆಯ ಸುತ್ತಲೇ ಇತ್ತು. ಅಕ್ಕ ಅಲ್ಲಿನ ಒಂದು ಗಾರ್ಮೆಂಟ್ಸ್‌ನಲ್ಲಿ ಶರ್ಟಿಗೆ ಕಾಲರ್ ಹೊಲಿಯುತ್ತಿದ್ದಳು. ಐದೂವರೆಗೆ ಬೆಲ್ ಹೊಡೆದರೆ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿ, ಬಸ್ಸು ಬದಲಿಸಿ, ನಾವಿದ್ದ ಕೋಗಿಲು ಸೇರುವಷ್ಟರಲ್ಲಿ ಕತ್ತಲು. ಶಾಲೆ ಬಿಟ್ಟು ಬಂದ ಅವಳ ಮಗಳು ಅಷ್ಟು ಹೊತ್ತೂ ಮನೆ ಓನರಮ್ಮನ ಜಗಲಿಯ ಮೇಲೆ ಕೂತಿರುತ್ತಿದ್ದಳು. ಭಾವ ಲಾರಿ ಓಡಿಸುತ್ತಿದ್ದರು, ವಾರಗಟ್ಟಲೆ ಪತ್ತೆಯಿರುತ್ತಿರಲಿಲ್ಲ. ಅದೇ ಮನೆಯಲ್ಲಿದ್ದ ನಾನು ಎಂ.ಎ. ತರಗತಿ, ಲೈಬ್ರರಿ ಮುಗಿಸಿ ಬರುತ್ತಿದ್ದದ್ದು ಅಕ್ಕನಿಗಿಂತಲೂ ತಡವಾಗಿ.

ಓನರಮ್ಮ ಕೋಗಿಲು ಇನ್ನೂ ಹಳ್ಳಿಯಾಗಿದ್ದಾಗಿನವರು. ಹೊಲವಿದ್ದ ಜಾಗದಲ್ಲೇ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಕೆಟ್ಟವರಲ್ಲ, ಆದರೆ ಸೊಂಟನೋವು, ವಯಸ್ಸು. ಒಂದು ಸಂಜೆ ಅಕ್ಕನಿಗೆ ಹೇಳಿಯೇಬಿಟ್ಟರು.

“ನೋಡವ್ವ, ದೀಪ ಅಚ್ಚೋ ಒತ್ಗೆ ನೀನು ಬಂದ್ಬಿಡ್ಬೇಕು. ಎಣ್ಮಗೀನ ಇಂಗೆ ಕತ್ಲಲ್ಲಿ ಕೂರಿಸ್ಕಂಡಿರಕ್ಕೆ ನಂಗೆ ಭಯ ಆಯ್ತದೆ.”

ಅಕ್ಕ ತಲೆಯಾಡಿಸಿದಳು. ಅಂದು ರಾತ್ರಿಯ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತಳು.

ಆ ಫ್ಯಾಕ್ಟರಿ ನನಗೂ ಹೊಸದಲ್ಲ. ಡಿಗ್ರಿ ಮುಗಿಸಿ, ಎಂ.ಎ.ಗೆ ಸೇರುವ ಮುಂಚೆ, ಅಲ್ಲಿಯೇ ಶರ್ಟು ಕೊಳ್ಳುವ ವಿದೇಶಿ ಬ್ರ್ಯಾಂಡುಗಳ, ಅಂದರೆ ಬೈಯರ್‌ಗಳ ಜೊತೆ ಪತ್ರವ್ಯವಹಾರ ಮಾಡುವ ಕೆಲಸದಲ್ಲಿದ್ದೆ. ಅದಕ್ಕೇ ಆರ್ಥಿಕ ಸಮಾಜಶಾಸ್ತ್ರದ ಪ್ರಬಂಧಕ್ಕೆ ಅದನ್ನೇ ಆರಿಸಿಕೊಂಡೆ. ನೂಲಿನಿಂದ ಅಂಗಡಿಯವರೆಗೆ ಜಗತ್ತಿನ ಉದ್ದಕ್ಕೂ ಹರಡಿರುವ ಈ ಸರಪಳಿಯಲ್ಲಿ ಇಂಥ ಫ್ಯಾಕ್ಟರಿಯಂಥ ಕೆಳಗಿನ ಕೊಂಡಿಯೊಂದು ಮೇಲೇರಿದರೆ, ಹೆಚ್ಚಾದ ಮೌಲ್ಯ ಯಾರ ಕೈ ಸೇರುತ್ತದೆ ಎಂಬುದು ನನ್ನ ಪ್ರಶ್ನೆ. ಪುಸ್ತಕದ ಭಾಷೆಯಲ್ಲಿ ಇದು ಅಪ್‌ಗ್ರೇಡಿಂಗ್. ಕೆಲಸದ ವಿಧಾನ ಸುಧಾರಿಸುವುದು ಒಂದು ಮೆಟ್ಟಿಲು. ಇನ್ನೂ ಒಳ್ಳೆಯ, ಕಷ್ಟದ ಬಟ್ಟೆ ಹೊಲಿಯುವುದು ಇನ್ನೊಂದು. ಬರೀ ಹೊಲಿಗೆ ಬಿಟ್ಟು ಡಿಸೈನನ್ನೇ ತಾವು ಮಾಡುವುದು ಅದಕ್ಕೂ ಮೇಲಿನದು.

ಫ್ಯಾಕ್ಟರಿಯ ಮಾಲೀಕರು ಮೆಟ್ಟಿಲು ಹತ್ತುವ ಮನುಷ್ಯರೇ. ಮೊದಲು ಬೈಯರ್ ಕಳಿಸಿದ ಬಟ್ಟೆಯನ್ನು ಹೊಲಿದು ಬರೀ ಕೂಲಿ ಪಡೆಯುತ್ತಿದ್ದವರು, ಆಮೇಲೆ ಬಟ್ಟೆಯನ್ನೂ ತಾವೇ ಕೊಳ್ಳತೊಡಗಿದರು. ಯಾವ ಮಿಲ್ಲಿನಿಂದ ಕೊಳ್ಳಬೇಕೆಂದು ಹೇಳುವವರು ಮಾತ್ರ ಬೈಯರ್ರೇ. ಆ ವರ್ಷ ಅಕ್ಕ ಕೂರುವ ಹೊಲಿಗೆ ಸಾಲಿಗೆ, ಅಂದರೆ ಲೈನಿಗೆ, ದಾರವನ್ನು ತಾನೇ ಕತ್ತರಿಸುವ ಮಷಿನ್‌ಗಳನ್ನು, ಬಟ್ಟೆಯ ಅಂಚನ್ನು ಮಡಿಸಿಕೊಡುವ ಪಟ್ಟಿಗಳನ್ನು ಹಾಕಿಸಿದರು. ಖರ್ಚು ಪೂರಾ ಅವರದೇ. ಒಂದು ಶರ್ಟಿಗೆ ಹಿಡಿಯುತ್ತಿದ್ದ ನಿಮಿಷಗಳು ಕಡಿಮೆಯಾದವು. ಆಯುಧಪೂಜೆಯ ದಿನ ಬೂದುಗುಂಬಳ ಒಡೆಸಿ, ದಿನದ ಟಾರ್ಗೆಟ್ಟಿನಷ್ಟು ಶರ್ಟು ಮುಗಿಸಿದ ಲೈನ್ ಐದಕ್ಕೇ ಹೊರಡಬಹುದು ಎಂದರು.

ಆ ಕೆಲವು ವಾರ ಅಕ್ಕ ಬೆಳಕಿರುವಾಗಲೇ ಮನೆಗೆ ಬಂದಳು. ಓನರಮ್ಮ ಸುಮ್ಮನಾದರು. ಮಗಳು ಅಮ್ಮನ ಜೊತೆ ಕೋಗಿಲು ಕ್ರಾಸ್‌ವರೆಗೂ ಹೋಗಿ ಕೊತ್ತಂಬರಿ ಸೊಪ್ಪು ತರುತ್ತಿದ್ದಳು. ನನಗೆ ಮಾತ್ರ ಒಳಗೊಳಗೇ ಅಳುಕು. ಹುಟ್ಟಾ ಪುಕ್ಕಲಿ ನಾನು, ನಿಜ. ಆದರೆ ಇದು ಬರೀ ಪುಕ್ಕಲುತನವಲ್ಲ. ಬೈಯರ್ ಬೆಲೆ ಕಟ್ಟುವುದು ಹೇಗೆಂದು ನನಗೆ ಗೊತ್ತಿತ್ತು. ಬಟ್ಟೆ ಎಷ್ಟು, ಗುಂಡಿ ಎಷ್ಟು, ಹೊಲಿಗೆಗೆ ಎಷ್ಟು ನಿಮಿಷ ಎಂದು ಬಿಡಿಬಿಡಿಯಾಗಿ ಕೇಳುತ್ತಾರೆ. ನಿಮಿಷ ಇಳಿದದ್ದು ಅವರಿಗೆ ತಿಳಿದರೆ ಬೆಲೆಯೂ ಇಳಿಯುತ್ತದೆ.

ಅಷ್ಟರಲ್ಲಿ ಬೈಯರ್ ಕಡೆಯವರು ಬರುವ ಸುದ್ದಿ ಬಂತು. ಮಾಲೀಕರು ನನ್ನನ್ನೂ ಕರೆದರು. ನನ್ನ ಇಂಗ್ಲಿಷಿನ ಮೇಲೆ ಅವರಿಗೆ ಭರವಸೆ. ಅವರಿಗೆ ಒಂದು ಅಭ್ಯಾಸ: ನೆಂಟರು ಬಂದರೆ ಹಿತ್ತಿಲಿನ ಹಲಸಿನ ಮರದವರೆಗೂ ಕರೆದೊಯ್ದು ತೋರಿಸುವವರ ಹಾಗೆ, ಬೈಯರ್ ಬಂದರೂ ಏನನ್ನೂ ಮುಚ್ಚಿಡರು. ಬಾಗಿಲಿಗೆ ರಂಗೋಲಿ, ಎಳನೀರು, ಮೈಸೂರು ಪೇಟ. ಅಕ್ಕನ ಲೈನಿನ ಮೇಲಿನ ಬಿಳಿ ಬೋರ್ಡಿನಲ್ಲಿ ಶರ್ಟಿನ ಹಳೆಯ ನಿಮಿಷ ಒಂದು ಕಡೆ, ಹೊಸ ನಿಮಿಷ ಇನ್ನೊಂದು ಕಡೆ. ನಡುವೆ ಹಸಿರು ಬಾಣ. ಅದನ್ನು ಕಂಡದ್ದೇ ಮಾಲೀಕರ ಬಳಿ ಹೋದೆ. ಇವತ್ತಿನ ಮಟ್ಟಿಗಾದರೂ ಅಳಿಸಿಬಿಡಿ ಸಾರ್, ಎಂದು ಮೆಲ್ಲಗೆ ಕೇಳಿಕೊಂಡೆ.

ಅವರು ನಕ್ಕರು. “ಅಲ್ಲಮ್ಮ, ನಾವು ಮುಂದೆ ಬಂದಿದ್ದೀವಿ ಅಂತ ತೋರಿಸ್ದೆ ಇದ್ರೆ ಆರ್ಡರ್ ಬೇರೆ ದೇಶಕ್ಕೆ ಹೋಗತ್ತೆ. ನಮ್ ಡಿಸೈನ್ ತಗೋಳಿ ಅಂತ ಯಾವ್ ಮುಖ ಇಟ್ಕೊಂಡ್ ಕೇಳ್ಲಿ?”

ಅವರು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ. ಬೋರ್ಡು ಹಾಗೇ ಉಳಿಯಿತು.

ಬಂದವನು ಬಹಳ ಸೌಮ್ಯ. ಪೇಟ ಹಾಕಿಸಿಕೊಂಡ, ಎಳನೀರು ಕುಡಿದ, ಹೆಂಗಸರಿಗೆಲ್ಲ ಕೈಮುಗಿದ. ಅಕ್ಕನ ಲೈನಿನ ಮುಂದೆ ನಿಂತು ಮಾಲೀಕರ ಮಾತನ್ನು ಪೂರ್ತಿ ಕೇಳಿ, ಮೊಬೈಲ್ ತೆಗೆದು ಬೋರ್ಡಿನ ಫೋಟೊ ಹೊಡೆದುಕೊಂಡ. ಮಾಲೀಕರು ಫೋಟೊಗೆಂದು ಪಕ್ಕಕ್ಕೆ ಸರಿದು, ಎದೆಯುಬ್ಬಿಸಿ ನಿಂತರು. ಅಕ್ಕ ತಲೆ ಎತ್ತದೆ ಕಾಲರ್ ಹೊಲಿಯುತ್ತಿದ್ದಳು. ಹೋಗುವಾಗ ಆತ ಫ್ಯಾಕ್ಟರಿಯವರೇ ಡಿಸೈನ್ ಮಾಡಿದ್ದ ಮಾದರಿ ಶರ್ಟುಗಳನ್ನೂ ಜೊತೆಗೆ ಕೊಂಡೊಯ್ದ.

ಆಮೇಲೆ ಕಾಯುವ ದಿನಗಳು. ದಿನಾ ಸಂಜೆ ಅಕ್ಕನ ಚಪ್ಪಲಿ ಸದ್ದು ಕೇಳುವವರೆಗೆ ಮಗಳು ಗೇಟು ಬಿಟ್ಟು ಕದಲುತ್ತಿರಲಿಲ್ಲ ಎಂದು ಓನರಮ್ಮ ಹೇಳುತ್ತಿದ್ದರು.

ಉತ್ತರ ಬಂದಾಗ ಮಾಲೀಕರೇ ಕರೆದು ಓದಿಸಿದರು. ಮುಂದಿನ ಸೀಸನ್ನಿಗೆ ಇನ್ನೂ ದೊಡ್ಡ ಆರ್ಡರ್. ಸುಧಾರಣೆಗೆ ತುಂಬು ಮೆಚ್ಚುಗೆ. ಬೆಲೆ ಮಾತ್ರ ಹೊಸ ನಿಮಿಷಗಳ ಲೆಕ್ಕದ್ದು, ಮೊದಲಿಗಿಂತ ಕಡಿಮೆ. ಡಿಸೈನ್ ಚೆನ್ನಾಗಿತ್ತು, ಆದರೆ ಆ ಕೆಲಸಕ್ಕೆ ತಮ್ಮದೇ ಆಫೀಸು ಇದೆ. ಬೈಯರ್ ಅಂಗಡಿಯಲ್ಲಿ ಅದೇ ಶರ್ಟಿನ ಬೆಲೆ ಇಳಿದಿತ್ತೇ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡಿದೆ. ಇಳಿದಿರಲಿಲ್ಲ.

“ಒಪ್ಪದೆ ಇದ್ರೆ ಲೈನ್ ಖಾಲಿ ಕೂರುತ್ತೆ,” ಎಂದು ಮಾಲೀಕರು ನನ್ನ ಮುಖ ನೋಡದೆ ಹೇಳಿದರು. ಮೈಸೂರು ಪೇಟದ ಖಾಲಿ ಡಬ್ಬಿ ಇನ್ನೂ ಮೇಜಿನ ಮೇಲೇ ಇತ್ತು. ಅವರ ಮೇಲೆ ಸಿಟ್ಟು ಬಂತು, ಕನಿಕರವೂ ಬಂತು.

ಸೋಮವಾರ ಬೋರ್ಡಿನ ಮೇಲಿನ ಟಾರ್ಗೆಟ್ ಏರಿತು. ಹಳೆಯ ಅಂಕಿ, ಬಾಣ ಎರಡೂ ಅಳಿಸಿಹೋಗಿದ್ದವು. ಐದಕ್ಕೆ ಹೋಗಬಾರದು ಎಂದು ಯಾರೂ ಹೇಳಲಿಲ್ಲ. ಹೊಸ ಟಾರ್ಗೆಟ್ ಮುಗಿಯುವಷ್ಟರಲ್ಲಿ ಐದೂವರೆಯ ಬೆಲ್ಲೇ ಹೊಡೆದಿರುತ್ತಿತ್ತು, ಅಷ್ಟೆ. ಅಕ್ಕನ ಭುಜಕ್ಕೆ ನಾನು ದಿನಾ ಮುಲಾಮು ಹಚ್ಚಬೇಕಾಯಿತು.

ಪ್ರಬಂಧದಲ್ಲಿ ನಾನು ಎಲ್ಲವನ್ನೂ ಬರೆದೆ: ಫ್ಯಾಕ್ಟರಿ ಮೇಲೇರಿದ್ದು ನಿಜ, ಮೇಲೇರಿದ್ದರಿಂದ ಉಳಿದ ನಿಮಿಷಗಳು ಬೆಲೆಯಾಗಿ ಬ್ರ್ಯಾಂಡಿನ ಕೈ ಸೇರಿದ್ದೂ ನಿಜ. ಎಂ.ಎ.ಯಲ್ಲಿ ಪಾಠ ಮಾಡುವ ನಮ್ಮ ಮೇಡಮ್ ಓದಿ ಮೆಚ್ಚಿದರು. ಕೊನೆಯ ಭಾಗ ಮಾತ್ರ ತಿದ್ದಿ ತರಲು ಹೇಳಿದರು. ಗಳಿಸಿದವರು ಯಾರೆಂದು ಸ್ಪಷ್ಟವಾಗಿದೆ, ಬೆಲೆ ಇಳಿದ ಭಾರ ಎಲ್ಲೆಲ್ಲಿ ಹೋಗಿ ಕೂತಿತು ಎಂಬುದನ್ನೂ ಬರೆಯಿರಿ, ಎಂದರು.

ಅದನ್ನು ತಿದ್ದಲು ಲೈಬ್ರರಿಯಲ್ಲಿ ಕೂರಬೇಕಿತ್ತು. ಆದರೆ ಅಕ್ಕ ಮತ್ತೆ ಕತ್ತಲಾದ ಮೇಲೇ ಬರುತ್ತಿದ್ದಳು, ಓನರಮ್ಮನ ಗಡುವು ಗಡುವೇ. ಮಧ್ಯಾಹ್ನದ ತರಗತಿ ಮುಗಿದದ್ದೇ ಬಸ್ಸು ಹಿಡಿದು ಬಂದು, ದೀಪ ಹಚ್ಚುವವರೆಗೆ ಮಗು ಎಂದಿನಂತೆ ಓನರಮ್ಮನ ಬಳಿಯೇ ಇರಲಿ ಎಂದು, ಕೋಣೆಯಲ್ಲಿ ಪುಟ ಹರಡಿಕೊಂಡು ಕೂತೆ. ಒಂದು ವಾಕ್ಯ ಮುಗಿಯುವುದರೊಳಗೆ ಓನರಮ್ಮನ ಮನೆಯಲ್ಲಿ ದೀಪ ಹಚ್ಚುವ ಹೊತ್ತಾಯಿತು. ಪೆನ್ನು ಇಟ್ಟು ಎದ್ದು ಹೋದೆ.

ಮಗು ಜಗಲಿಯ ಮೇಲೆ ಚೀಲ ತಬ್ಬಿಕೊಂಡು ಕೂತಿತ್ತು. ನನ್ನನ್ನು ನೋಡಿ, ನನ್ನ ಹಿಂದೆ ಇನ್ನೊಬ್ಬರಿದ್ದಾರೆಯೇ ಎಂದು ಇಣುಕಿತು.

“ಚಿಕ್ಕಮ್ಮ, ಅಮ್ಮ ಬೇಗ ಬರೋದು ಮುಗ್ದೋಯ್ತಾ?”

“ಹೂಂ ಪುಟ್ಟಿ,” ಎಂದೆ. “ಇನ್ಮೇಲೆ ನಾನೇ ಬರ್ತೀನಿ.”