ಬಲಗಡೆಯ ಪುಟದಲ್ಲಿ ಬರೆದದ್ದು

ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ನಾನು ಮೊದಲ ಸಲ ಫೇಲಾದದ್ದು ಗಣಿತದಿಂದಲ್ಲ, ಮಕ್ಕಳಿಂದ. ಅಂದರೆ ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರದ ಪ್ರಶ್ನೆಗಳಿಂದ. ಮನೋವಿಜ್ಞಾನಿ ಪಿಯಾಜೆ ಹೇಳಿದ, ಮಗುವಿನ ಯೋಚನೆ ಬೆಳೆಯುವ ನಾಲ್ಕು ಹಂತಗಳನ್ನು ವಯಸ್ಸಿನ ಸಮೇತ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಪರೀಕ್ಷೆಯಲ್ಲಿ ಹಂತಗಳ ಹೆಸರನ್ನು ಕೇಳಲೇ ಇಲ್ಲ. ‘ಮಗು ಹೀಗೆ ಹೇಳಿತು, ಶಿಕ್ಷಕಿಯಾಗಿ ನೀವೇನು ಮಾಡುತ್ತೀರಿ’ ಎಂಬಂಥವೇ ಇದ್ದವು. ಪ್ರತಿಯೊಂದಕ್ಕೂ ಕೊಟ್ಟಿದ್ದ ನಾಲ್ಕು ಉತ್ತರಗಳೂ ನನಗೆ ಸರಿ ಎಂದೇ ಕಂಡವು.

ಹೈಸ್ಕೂಲಿನಲ್ಲಿ ಪಾಠ ಮಾಡುವ ನನ್ನ ಅತ್ತಿಗೆ ನಂಜನಗೂಡಿನ ನಮ್ಮ ಮನೆಯಲ್ಲಿ ನನ್ನ ಟಿಪ್ಪಣಿ ತಿರುವಿ ನೋಡಿ, “ಇದೆಲ್ಲ ಬರೀ ಸಿದ್ಧಾಂತ ಕಣೇ. ಕ್ಲಾಸಲ್ಲಿ ಏನು ಮಾಡ್ತೀಯ ಅನ್ನೋದು ಎಲ್ಲಿದೆ?” ಎಂದರು. ಹೊಸದೊಂದು ಉದ್ದ ನೋಟ್‌ಬುಕ್ ತಂದೆ. ಒಬ್ಬೊಬ್ಬ ಮನೋವಿಜ್ಞಾನಿಗೂ ಎದುರುಬದುರು ಎರಡು ಪುಟ ಕೊಟ್ಟೆ: ಎಡಗಡೆ ಅವರು ಹೇಳಿದ್ದು, ಬಲಗಡೆ ತರಗತಿಯಲ್ಲಿ ಅದರ ಬಳಕೆ. ಎಡಗಡೆ ಒಂದು ವಾರದಲ್ಲಿ ತುಂಬಿತು. ಬಲಗಡೆ ಖಾಲಿ ಉಳಿಯಿತು.

ಆ ವರ್ಷ ನಾನು ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ಹೆಮ್ಮಿಗೆಯ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ನರಸೀಪುರದಲ್ಲಿ ಬಸ್ ಬದಲಾಯಿಸಿ ಹೋಗಬೇಕು. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳೆಲ್ಲ ನನ್ನ ಒಂದೇ ಕೋಣೆಯಲ್ಲಿ. ಅವರಲ್ಲಿ ಒಂದನೇ ತರಗತಿಯ ಹುಡುಗಿಯೊಬ್ಬಳು ನನಗೆ ಬಹಳ ಅಂಟಿಕೊಂಡಿದ್ದಳು. ಯಾವ ಪ್ರಶ್ನೆ ಕೇಳಿದರೂ ಮೊದಲ ಕೈ ಅವಳದು. ಉತ್ತರ ಗೊತ್ತಿರಬೇಕೆಂದೇನಿಲ್ಲ, ಕೈ ಮಾತ್ರ ಮೇಲೆ. ಬೆಳಿಗ್ಗೆ ನನ್ನ ಊಟದ ಚೀಲವನ್ನು ಗೇಟಿನಿಂದಲೇ ಇಸಿದುಕೊಂಡು ಓಡುತ್ತಿದ್ದಳು. ಬಲಗಡೆಯ ಪುಟಕ್ಕೆ ಬೇಕಾದ ಉದಾಹರಣೆಗೆ ಅವಳೇ ಸರಿ ಅನ್ನಿಸಿತು.

ಪಿಯಾಜೆಯ ಪ್ರಯೋಗವೊಂದನ್ನು ಮಾಡಿ ನೋಡಲು ಒಂದು ದಿನ ಮನೆಯಿಂದ ಮೂರು ಗಾಜಿನ ಲೋಟ ಒಯ್ದೆ. ಎರಡು ಒಂದೇ ಅಳತೆಯ ಗಿಡ್ಡ ಲೋಟ, ಇನ್ನೊಂದು ಸಪೂರವಾದ ಉದ್ದ ಲೋಟ. ಬೆಳಗಿನ ಬಿಸಿಹಾಲು ಹಂಚುವ ಹೊತ್ತಿಗೆ ಅವಳನ್ನು ಮೇಜಿನ ಹತ್ತಿರ ಕರೆದು ಎರಡು ಗಿಡ್ಡ ಲೋಟಕ್ಕೂ ಸಮನಾಗಿ ಹಾಲು ಬಿಟ್ಟೆ.

“ಎರಡರಲ್ಲೂ ಒಂದೇ ಸಮ ಇದೆಯಾ?”

“ಊ ಮಿಸ್, ಒಂದೇಯಾ.”

ಅವಳೆದುರೇ ಒಂದು ಲೋಟದ ಹಾಲನ್ನು ಉದ್ದ ಲೋಟಕ್ಕೆ ಸುರಿದೆ. “ಈಗ?”

“ಇದ್ರಲ್ಲಿ ಜಾಸ್ತಿ ಅದೆ ಮಿಸ್,” ಎಂದು ಉದ್ದ ಲೋಟ ತೋರಿಸಿದಳು. ದನಿಯಲ್ಲಿ ಕೊಂಚವೂ ಅನುಮಾನವಿಲ್ಲ.

ನನಗೆ ರೋಮಾಂಚನವಾಯಿತು. ಆ ವಯಸ್ಸಿನ ಮಗು ಎತ್ತರವೊಂದನ್ನೇ ನೋಡುತ್ತದೆ, ಅಗಲ ಕಡಿಮೆಯಾದದ್ದನ್ನು ಅದರ ಜೊತೆ ಸೇರಿಸಿ ಯೋಚಿಸುವುದಿಲ್ಲ, ಸುರಿದದ್ದನ್ನು ಮನಸ್ಸಿನಲ್ಲೇ ಹಿಂದಕ್ಕೆ ಸುರಿದು ನೋಡಲು ಅದಕ್ಕಿನ್ನೂ ಬಾರದು. ಪುಸ್ತಕದಲ್ಲಿದ್ದದ್ದೆಲ್ಲ ಅಕ್ಷರಕ್ಕೆ ಅಕ್ಷರ ನನ್ನ ಮುಂದೆ ನಿಂತಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಪಕ್ಕದ ಕೋಣೆಗೆ ಹೋಗಿ ಹೆಡ್‌ಮಾಸ್ಟರನ್ನು ಕರೆತಂದೆ. ಅವರ ಹಿಂದೆಯೇ ಐದನೇ ತರಗತಿಯ ಮಕ್ಕಳು ಬಾಗಿಲಲ್ಲಿ ಮುತ್ತಿದರು. ಹಾಲನ್ನು ಮತ್ತೆ ಗಿಡ್ಡ ಲೋಟಕ್ಕೆ ಹಾಕಿ, ಮತ್ತೆ ಉದ್ದಕ್ಕೆ ಸುರಿದು, ಮತ್ತೆ ಕೇಳಿದೆ. ಅವಳು ಮತ್ತೆ ಉದ್ದ ಲೋಟವನ್ನೇ ತೋರಿಸಿದಳು.

ಹೆಡ್‌ಮಾಸ್ಟರು, “ಅಯ್ಯೋ ಪೆದ್ದಿ, ಈಗ್ತಾನೆ ನಿನ್ ಮುಂದೇನೇ ಉಯ್ದ್ರಲ್ಲಮ್ಮಾ!” ಎಂದು ನಕ್ಕರು. ಬಾಗಿಲಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನನ್ನ ನಗು ಬೇರೆ ಕಾರಣಕ್ಕೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಪ್ರಯೋಗ ಫಲಿಸಿದ ಖುಷಿ ಅದು. ಆದರೆ ಅವಳಿಗೆ ಕಂಡದ್ದು ನನ್ನ ಹಲ್ಲು. ಒಮ್ಮೆ ನನ್ನ ಮುಖ ನೋಡಿದಳು, ಕೈಯನ್ನು ಹಿಂದಕ್ಕೆ ಕಟ್ಟಿಕೊಂಡಳು.

ಮಧ್ಯಾಹ್ನ ಪಿಯಾಜೆಯ ಬಲಗಡೆಯ ಪುಟ ತುಂಬಿಸಿದೆ. ಕೊನೆಗೆ ಗೈಡಿನಿಂದ ಎರಡು ಸಾಲನ್ನೂ ಇಳಿಸಿಕೊಂಡೆ: ‘ಮಗುವಿನ ತಪ್ಪು ದಡ್ಡತನವಲ್ಲ, ಅದರ ಯೋಚನೆಯ ದಾರಿ. ಹೀಯಾಳಿಸದೆ, ತಾನೇ ಸುರಿದು ನೋಡುವ ಅವಕಾಶ ಕೊಡಬೇಕು.’ ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದೆ.

ದೊಡ್ಡ ಮಕ್ಕಳು ಅವಳಿಗೆ ‘ಉದ್ಲೋಟ’ ಎಂದು ಹೆಸರಿಟ್ಟರು. ಅವಳ ಕೈ ಮೇಲೇಳುವುದು ನಿಂತಿತು. ಹಾಲಿನ ಸಾಲಿನಲ್ಲಿ ನಿಲ್ಲುವುದೂ ನಿಂತಿತು. ವಾರ ಕಳೆದ ಮೇಲೆ ಅವಳ ಅವ್ವ ಬಂದರು. ಗದ್ದೆ ಕೆಲಸಕ್ಕೆ ಹೋಗುವ ಹೊತ್ತು. ಮಗಳನ್ನು ರಟ್ಟೆ ಹಿಡಿದು ತಂದಿದ್ದರು.

“ಮಿಸ್ಸಮ್ಮಾ, ಕೂಸು ಇಸ್ಕೂಲ್ಗೆ ಬರಕ್ಕಿಲ್ಲ ಅಂತದೆ. ಎಲ್ರೂ ಮುಂದೆ ನಿಲ್ಸಿ ಮಿಸ್ಸು ನಗಾಡುದ್ರು ಅಂತದೆ. ದಿಟವಾ?”

ಹೆಡ್‌ಮಾಸ್ಟರು ಅಲ್ಲೇ ತಲೆ ಎತ್ತದೆ ಹಾಜರಿ ಪುಸ್ತಕ ನೋಡುತ್ತಿದ್ದರು. ಮೇಲಿನವರಿಗೆ ದೂರು ಹೋದರೆ ಮುಂದಿನ ವರ್ಷ ನನ್ನನ್ನು ಕರೆಯುವುದಿಲ್ಲ ಎಂಬ ಭಯ ಮೊದಲು ಬಂತು.

“ಇಲ್ಲಮ್ಮ, ಹಾಗೇನೂ ಆಗಿಲ್ಲ. ಮಕ್ಕಳು ಏನೋ ಹೇಳ್ತವೆ,” ಎಂದೆ.

ಆ ತಾಯಿ ಮಗಳ ಬೆನ್ನಿಗೆ ಎರಡು ಬಾರಿಸಿದರು. “ಸುಳ್ಳೇಳ್ತೀಯಾ? ಮಿಸ್ಸು ಮ್ಯಾಲೆ ಸುಳ್ಳೇಳ್ತೀಯಾ?” ಹುಡುಗಿ ಅಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ನಾನು ಚಾಕ್‌ಪೀಸ್ ಹುಡುಕುವವಳಂತೆ ಮೇಜಿನ ಖಾನೆ ಎಳೆದೆ.

ಆ ವಾರ ಓದಬೇಕಾದದ್ದು ಕೋಲ್ಬರ್ಗ್, ನೈತಿಕ ವಿಕಾಸದ ಹಂತಗಳು. ಶಿಕ್ಷೆ ತಪ್ಪಿಸಿಕೊಳ್ಳುವುದಕ್ಕಾಗಿ ಸರಿತಪ್ಪು ನಿರ್ಧರಿಸುವುದು ಎಲ್ಲಕ್ಕಿಂತ ಕೆಳಗಿನ ಮೊದಲ ಹಂತ, ಚಿಕ್ಕ ಮಕ್ಕಳದು ಎಂದಿತ್ತು. ಬಲಗಡೆ ಉದಾಹರಣೆ ಬರೆಯಲು ಬಸ್ಸಿನಲ್ಲಿ ಪೆನ್ನು ತೆಗೆದೆ. ಬರೆಯಲಾಗಲಿಲ್ಲ.

ಪರೀಕ್ಷೆ ಬಂತು. ಲೋಟದ ಪ್ರಶ್ನೆಯೂ ಬಂತು. ಉದ್ದ ಲೋಟದಲ್ಲೇ ಜಾಸ್ತಿ ಎನ್ನುವ ಮಗುವಿಗೆ ಶಿಕ್ಷಕಿ ಏನು ಮಾಡಬೇಕು ಎಂದು ಕೇಳಿದ್ದರು. ಗದರಿಸಬೇಕು, ಸರಿ ಉತ್ತರ ಹೇಳಿ ಮುಗಿಸಬೇಕು, ಬೇರೆ ಮಗುವನ್ನು ಕೇಳಬೇಕು, ಮಗುವೇ ಸುರಿದು ನೋಡಲು ಬಿಡಬೇಕು. ನಾಲ್ಕನೆಯದರ ಸುತ್ತು ಕಪ್ಪು ಮಾಡಿದೆ. ಪಾಸಾದೆ. ಅತ್ತಿಗೆ ಮೈಸೂರುಪಾಕ್ ತಂದರು. ನನ್ನ ಪಾಲಿನದನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟೆ.

ಫಲಿತಾಂಶ ಬಂದ ಮೂರನೆಯ ದಿನ ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋದೆ. ಅವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು, ಮಗಳು ಪಕ್ಕದಲ್ಲಿ. ನಿಂತುಕೊಂಡೇ ಹೇಳಿದೆ. ಅವಳು ಹೇಳಿದ್ದು ನಿಜ, ಸುಳ್ಳು ಹೇಳಿದ್ದು ನಾನು, ಪರೀಕ್ಷೆಗೆ ಓದಿಕೊಳ್ಳಲು ಅವಳನ್ನು ಎಲ್ಲರ ಮುಂದೆ ನಿಲ್ಲಿಸಿದ್ದೆ, ನಕ್ಕಿದ್ದೆ.

ಅವರು ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟರು. ಆಮೇಲೆ, “ಆವತ್ತೇ ಯೋಳ್ಬಾರ್ದಾಗಿತ್ತಾ ಮಿಸ್ಸಮ್ಮಾ? ನಾನು ವಡುದ್ಬುಟ್ನಲ್ಲಾ,” ಎಂದರು. ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಅವರು ಮಗಳ ಬೆನ್ನು ಸವರತೊಡಗಿದರು.

ನಾನು ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತು, “ನಿನ್ನದೇನೂ ತಪ್ಪಿರಲಿಲ್ಲ ಪುಟ್ಟಿ. ನಿನ್ನ ವಯಸ್ಸಲ್ಲಿ ಎಲ್ಲರೂ ಹಾಗೇ ಹೇಳ್ತಾರೆ, ನಾನೂ ಹಾಗೇ ಹೇಳಿರ್ತೀನಿ. ನಕ್ಕಿದ್ದು ನನ್ನ ತಪ್ಪು,” ಎಂದೆ.

ಅವಳು ಒಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು. “ನಂಗೊತ್ತು,” ಎಂದಳು. ಯಾವುದು ಗೊತ್ತು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಮಾರನೆಯ ದಿನ ಇಡೀ ತರಗತಿಯ ಮುಂದೆ ಅದನ್ನೇ ಹೇಳಿದೆ. ಐದನೇ ತರಗತಿಗೂ ಹೋಗಿ ಹೇಳಿ ಬಂದೆ. ‘ಉದ್ಲೋಟ’ ಎಂದು ಕರೆಯುವುದು ನಿಧಾನಕ್ಕೆ ನಿಂತಿತು. ಅವಳೂ ಮತ್ತೆ ಕೈ ಎತ್ತತೊಡಗಿದಳು, ಆದರೆ ಉತ್ತರ ಖಾತ್ರಿಯಿದ್ದಾಗ ಮಾತ್ರ. ಅಕ್ಕಪಕ್ಕ ನೋಡಿ, ಆಮೇಲೆ ಅರ್ಧ ಕೈ. ಏಪ್ರಿಲ್‌ನಲ್ಲಿ ನನ್ನ ಅವಧಿ ಮುಗಿಯುವವರೆಗೂ ಅಷ್ಟೇ.